ಹಲಸಿನ ಹಪ್ಪಳ ಪ್ಯಾಕೆಟ್ ಮಾಡಿ ಮಂಗಳೂರಿನ ಅಂಗಡಿಗೆ ಕೊಡಬೇಕು: ಬೆಲೆ, ಹೆಸರು, ಲೇಬಲ್ ಬಗ್ಗೆ ಸಲಹೆ ಬೇಕು

ಪೆರ್ಲದಕ್ಕ

ಎಲ್ಲರಿಗೂ ನಮಸ್ಕಾರ. ನಮ್ಮದು ಎಣ್ಮಕಜೆ ಪಂಚಾಯತಿನ ಒಂದು ಕುಟುಂಬಶ್ರೀ ಅಯಲ್ಕೂಟ. ಅದರಲ್ಲಿ ನಾವು ಆರು ಜನ ಸೇರಿ ಹಲಸಿನ ಹಪ್ಪಳ ಮತ್ತು ಮಾವಿನ ಮಿಡಿ ಉಪ್ಪಿನಕಾಯಿ ಮಾಡುತ್ತೇವೆ. ಇಷ್ಟರವರೆಗೆ ಹೆಸರೂ ಇಲ್ಲ, ಲೇಬಲೂ ಇಲ್ಲ. ಹಪ್ಪಳವನ್ನು ಒಂದಕ್ಕೆ 4 ರೂಪಾಯಿಯಂತೆ ಕಟ್ಟು ಕಟ್ಟಿ ಕೊಡುವುದು. ಗೊತ್ತಿದ್ದವರು ಮನೆಗೇ ಬಂದು ತೆಗೆದುಕೊಂಡು ಹೋಗುತ್ತಾರೆ. ಪಂಚಾಯತಿನ ಓಣಂ ಸಂತೆಯಲ್ಲೂ ಇಡುತ್ತೇವೆ.

ಈಗ ಮಂಗಳೂರಿನ ಒಬ್ಬರು ಅಂಗಡಿಯವರು ತಿಂಗಳಿಗೆ 100 ಪ್ಯಾಕೆಟ್ ಹಪ್ಪಳ ತೆಗೆದುಕೊಳ್ಳುತ್ತೇವೆ, ಉಪ್ಪಿನಕಾಯಿಯೂ ಇರಲಿ ಅಂದಿದ್ದಾರೆ. ಅವರಿಗೆ ಎಮ್‌ಆರ್‌ಪಿಯಲ್ಲಿ ನೂರಕ್ಕೆ 25 ಬಿಡಬೇಕಂತೆ. ಪ್ಯಾಕೆಟಿನ ಮೇಲೆ ಎಲ್ಲ ಸರಿಯಾಗಿ ಪ್ರಿಂಟ್ ಆಗಿರಬೇಕಂತೆ. 25 ಹಪ್ಪಳಕ್ಕೆ ಎಷ್ಟು ಬೆಲೆ ಹಾಕಬೇಕು? ಲೇಬಲಿನಲ್ಲಿ ಏನೇನು ಇರಬೇಕು? ಯಾವ ಭಾಷೆಯಲ್ಲಿ? ಹೆಸರು ಯಾವುದು ಇಡೋಣ ಅನ್ನುವುದರಲ್ಲೇ ನಮ್ಮಲ್ಲಿ ಎರಡು ಪಕ್ಷ ಆಗಿದೆ. ಹಲಸು ಬೆಳೆಯುವ ಮೊದಲೇ ತೀರ್ಮಾನ ಮಾಡಬೇಕು. ಗೊತ್ತಿದ್ದವರು ದಯವಿಟ್ಟು ಹೇಳಿ.

ಅಜ್ಜಿಮನೆ ಅಡುಗೆ

ಅಕ್ಕ, ಹಪ್ಪಳಕ್ಕೆ ಬಕ್ಕೆ ಹಲಸೇ ಆಗಬೇಕು. ತುಳುವದಲ್ಲಿ ಮಾಡಿದರೆ ಅಂಟು ಜಾಸ್ತಿ. ಕಾಯಿ ಬೆಳೆದಿರಬೇಕು, ಆದರೆ ಹಣ್ಣಿನ ಪರಿಮಳ ಬರುವ ಮೊದಲೇ ಕೊಯ್ಯಬೇಕು. ಸಿಹಿ ಹತ್ತಿದ ಸೊಳೆಯ ಹಪ್ಪಳ ಎಣ್ಣೆಗೆ ಹಾಕಿದ ಕೂಡಲೇ ಕಪ್ಪಾಗುತ್ತದೆ. ಅಟ್ಟಿನಳಗೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಗುದ್ದಿದರೆ ಗಂಟು ಉಳಿಯುವುದಿಲ್ಲ. ನೀವು ಕೊತ್ತಂಬರಿ ಹಾಕುತ್ತೀರಾ, ಜೀರಿಗೆಯಾ?

ಪೆರ್ಲದಕ್ಕ

ಕೊತ್ತಂಬರಿ, ಒಣಮೆಣಸು, ಉಪ್ಪು, ಸ್ವಲ್ಪ ಇಂಗು ಹಾಕುತ್ತೇವೆ ಅಕ್ಕ. ಮಾಡುವುದರಲ್ಲಿ ತೊಂದರೆ ಇಲ್ಲ, ಮಾರುವುದೇ ಗೊತ್ತಾಗುತ್ತಿಲ್ಲ.

ಸಾರಡ್ಕ ದಾಟಿ

ಮೊದಲು ಟ್ರೇಡ್‌ಮಾರ್ಕ್ ಮಾಡಿಸಿ. ಇಲ್ಲದಿದ್ದರೆ ನೀವು ಹೆಸರು ಮಾಡುವಷ್ಟರಲ್ಲಿ ಬೇರೆಯವರು ಅದನ್ನು ತೆಗೆದುಕೊಳ್ಳುತ್ತಾರೆ. ಎರಡನೆಯದು, ಜಿಎಸ್‌ಟಿ ಇಲ್ಲದೆ ಕೇರಳದ ಸಾಮಾನು ಕರ್ನಾಟಕಕ್ಕೆ ಮಾರುವ ಹಾಗೇ ಇಲ್ಲ. ರಾಜ್ಯ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಲೇಬಲಿನ ಮೇಲೆ "ಸಕ್ಕರೆ ಕಾಯಿಲೆಯವರಿಗೆ ಉತ್ತಮ" ಅಂತ ದೊಡ್ಡದಾಗಿ ಹಾಕಿ. ಹಲಸಿನಕಾಯಿಗೆ ಈಗ ಅದೇ ಕಾರಣಕ್ಕೆ ಬೇಡಿಕೆ ಬಂದಿರುವುದು.

ಲೆಕ್ಕದ ಪುಸ್ತಕ

ನಾನು ಕೆಲವು ಮಹಿಳಾ ಸಂಘಗಳ ಲೆಕ್ಕ ಬರೆಯುವವಳು. ಬೆಲೆಯಿಂದ ಶುರು ಮಾಡೋಣ. ಬೆಲೆ ತಪ್ಪಿದರೆ ಲೇಬಲ್ ಎಷ್ಟು ಚಂದ ಇದ್ದರೂ ಪ್ರಯೋಜನ ಇಲ್ಲ.

ಪೆರ್ಲದಕ್ಕ, ಇದಕ್ಕೆ ಉತ್ತರ ಕೊಡಿ. ಆರು ಜನ ಒಂದು ದಿನ ಕೂತರೆ ಎಷ್ಟು ಹಪ್ಪಳ ಆಗುತ್ತದೆ? ಒಣಗಿದ ಮೇಲೆ ಒಡೆದದ್ದು, ಸೊಟ್ಟಗಾದದ್ದು ತೆಗೆದರೆ ಎಷ್ಟು ಉಳಿಯುತ್ತದೆ? ಕೂಲಿ ಎಷ್ಟು ಹಿಡಿದಿದ್ದೀರಿ?

ಪೆರ್ಲದಕ್ಕ

ಗ್ರೈಂಡರ್ ಇದೆ, ಒತ್ತುವ ಮಣೆ ಎರಡಿದೆ. ದಿನಕ್ಕೆ 600 ಒತ್ತುತ್ತೇವೆ. ಪ್ಯಾಕೆಟಿಗೆ ಆಗುವ ಹಾಗಿನದು 540 ಸಿಗಬಹುದು. ಕೂಲಿ ಅಂತ ಹಿಡಿದೇ ಇಲ್ಲ. ಬಂದದ್ದರಲ್ಲಿ ಖರ್ಚು ಕಳೆದು ಹಂಚಿಕೊಳ್ಳುತ್ತೇವೆ. ಹಲಸು ನಮ್ಮ ತೋಟಗಳದ್ದೇ.

ಲೆಕ್ಕದ ಪುಸ್ತಕ

ನಾನು ಅಂದುಕೊಂಡದ್ದೇ ಆಯಿತು. ಒಬ್ಬರಿಗೆ ದಿನಕ್ಕೆ 400 ರೂಪಾಯಿ ಕೂಲಿ ಇಟ್ಟರೆ ಆರು ಜನರಿಗೆ 2,400. ಹಲಸು ಕೊಯ್ಯುವವರಿಗೆ, ತರುವುದಕ್ಕೆ 300. ಮೆಣಸು, ಕೊತ್ತಂಬರಿ, ಇಂಗು, ಉಪ್ಪು, ಕಟ್ಟಿಗೆ, ಕರೆಂಟು ಎಲ್ಲ ಸೇರಿ ಇನ್ನೊಂದು 300. ಒಟ್ಟು 3,000. ಅದನ್ನು 540ಕ್ಕೆ ಹಂಚಿದರೆ ಒಂದು ಹಪ್ಪಳಕ್ಕೆ ಐದೂವರೆ ರೂಪಾಯಿಗಿಂತ ಸ್ವಲ್ಪ ಜಾಸ್ತಿ ಬೀಳುತ್ತದೆ. ನೀವು ಮಾರುತ್ತಿರುವುದು 4 ರೂಪಾಯಿಗೆ. ಹಂಚಿಕೊಂಡದ್ದು ಲಾಭ ಅಲ್ಲ, ನಿಮ್ಮದೇ ಕೂಲಿಯ ಒಂದು ಭಾಗ.

25ರ ಪ್ಯಾಕೆಟ್ ಮಾಡಿದರೆ ಹಪ್ಪಳಕ್ಕೇ 139 ರೂಪಾಯಿ, ಕವರ್ ಲೇಬಲಿಗೆ 8, ಸಾಗಾಟಕ್ಕೆ 3. ಅಲ್ಲಿಗೆ 150. ಅಂಗಡಿಯವರಿಗೆ ನೂರಕ್ಕೆ 25 ಬಿಡಬೇಕಾದರೆ ಎಮ್‌ಆರ್‌ಪಿ 200 ಹಾಕಿದರೂ ನಿಮಗೆ ಬರುವುದು ಬರೀ 150. ಒಂದು ಪ್ಯಾಕೆಟ್ ಹಾಳಾದರೆ ಕೈಯಿಂದ ಹೋಯಿತು. ಗುರುತಿಲ್ಲದ ಹೊಸ ಹೆಸರಿಗೆ 200 ಅಂದರೆ ಗಿರಾಕಿ ಕೈ ಹಿಂದೆ ತೆಗೆಯುತ್ತಾರೆ.

ಅದಕ್ಕೇ 20ರ ಪ್ಯಾಕೆಟ್ ಮಾಡಿ. ಖರ್ಚು ಸುಮಾರು 122 ಆಗುತ್ತದೆ. ಎಮ್‌ಆರ್‌ಪಿ 180 ಹಾಕಿ. ಅಂಗಡಿಯವರಿಗೆ 45 ಹೋದರೆ ನಿಮ್ಮ ಕೈಗೆ 135. ಕೂಲಿ ಸಿಕ್ಕಿ ಮೇಲೆ 13 ಉಳಿಯಿತು. ಅದೇ ಪ್ಯಾಕೆಟನ್ನು ನೀವೇ ಮಾರಿದರೆ ಉಳಿಯುವುದು 58. ಈ ಎರಡು ಅಂಕೆ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ. ಯಾರಿಗೆ ಎಷ್ಟು ಕೊಡಬೇಕು ಅನ್ನುವುದಕ್ಕೆ ಅದೇ ದಾರಿ ಹೇಳುತ್ತದೆ.

ಇನ್ನೊಂದು ಮಾತು. ಅಂಗಡಿಯಲ್ಲಿ 180 ಇರುವಾಗ ನೀವು ಮನೆಯಲ್ಲಿ 130ಕ್ಕೆ ಕೊಡಬೇಡಿ. ಮಂಗಳೂರಿನ ಗಿರಾಕಿಗೆ ಪೆರ್ಲದಲ್ಲಿ ನೆಂಟರು ಇದ್ದೇ ಇರುತ್ತಾರೆ. ಬೆಲೆ ಗೊತ್ತಾದ ದಿನ ಅಂಗಡಿಯವರು ನಿಮ್ಮ ಪ್ಯಾಕೆಟ್ ವಾಪಸ್ ಕಳಿಸುತ್ತಾರೆ. ಊರವರಿಗೆ ಒಡೆದ ಹಪ್ಪಳ ಕಡಿಮೆಗೆ ಕೊಡಿ. ಅದು ಬೇರೆ ಸಾಮಾನು, ಯಾರಿಗೂ ಬೇಜಾರಿಲ್ಲ.

ಪುತ್ತೂರು ದಿನಸಿ

ನಾನು ಅಂಗಡಿ ಇಟ್ಟವನು. ಮೇಲಿನವರ ಲೆಕ್ಕ ಸರಿ ಇದೆ. ಆದರೆ ತಿಂಗಳಿಗೆ 100 ಅಂದದ್ದನ್ನು ಹಾಗೇ ನಂಬಬೇಡಿ ಅಕ್ಕ. ಹಪ್ಪಳ ನಮ್ಮಲ್ಲಿ ಜೋರಾಗಿ ಹೋಗುವುದು ಮಳೆಗಾಲದಲ್ಲಿ, ಜೂನ್‌ನಿಂದ ಸೆಪ್ಟೆಂಬರ್. ಆಮೇಲೆ ಇಳಿಯುತ್ತದೆ. ಮಾರಿದ ಮೇಲೆ ದುಡ್ಡು ಅನ್ನುವ ಕ್ರಮ ಆದರೆ ಉಳಿದ ಪ್ಯಾಕೆಟ್ ನಿಮ್ಮ ತಲೆಗೇ ಬರುತ್ತದೆ. ಮೊದಲ ಸಲ ಕೊಡುವಾಗ ಮೂರು ವಿಷಯ ಬಾಯಿಬಿಟ್ಟು ಕೇಳಿ. ದುಡ್ಡು ಯಾವಾಗ, ಉಳಿದದ್ದು ಯಾರಿಗೆ, ಇಲಿ ಕಚ್ಚಿದ್ದು ಯಾರ ಲೆಕ್ಕಕ್ಕೆ.

ನಮ್ಮಲ್ಲಿಗೆ ಬರುವ ಸಂಘಗಳ ಹಪ್ಪಳದಲ್ಲಿ ನೂರಕ್ಕೆ ನೂರು ಕಾಣುವ ತೊಂದರೆ ಒಂದೇ. ಬಿಸಿಲಿನಿಂದ ತಂದು ಬಿಸಿ ಆರುವ ಮೊದಲೇ ಸೀಲ್ ಮಾಡುತ್ತಾರೆ. ರಾತ್ರಿ ಕವರಿನ ಒಳಗೆ ಮಂಜು ಕಟ್ಟುತ್ತದೆ. ಜೂನ್‌ನಲ್ಲಿ ನೋಡಿದರೆ ಅಂಚಿನಲ್ಲಿ ಬೂಷ್ಟು. ಒಣಗಿದೆಯೋ ಇಲ್ಲವೋ ಅಂತ ನಡುವನ್ನು ಮುರಿದು ನೋಡಿ. ಅಂಚು ಬೇಗ ಒಣಗುತ್ತದೆ, ನಡು ಮೋಸ ಮಾಡುತ್ತದೆ. ಟಕ್ ಅಂತ ಮುರಿಯಬೇಕು, ಬಾಗಬಾರದು. ಬಿಸಿಲಿನಿಂದ ತೆಗೆದು ನೆರಳಲ್ಲಿ ಪೂರ್ತಿ ತಣಿದ ಮೇಲೆ ಅವತ್ತು ಸಂಜೆಯೇ ಕಟ್ಟಿ. ಮರುದಿನಕ್ಕೆ ತೆರೆದಿಟ್ಟರೆ ಮತ್ತೆ ತೇವ ಎಳೆಯುತ್ತದೆ. ತೆಳು ಪ್ಲಾಸ್ಟಿಕ್ ಕವರ್ ಬೇಡ, ಎರಡು ಪದರದ ದಪ್ಪ ಕವರ್ ತೆಗೆದುಕೊಳ್ಳಿ. ಮುಂಭಾಗ ಸ್ವಲ್ಪ ಪಾರದರ್ಶಕ ಇರಲಿ. ಹಪ್ಪಳದ ಬಣ್ಣ ಕಾಣದೆ ನಮ್ಮ ಗಿರಾಕಿಗಳು ಮುಟ್ಟುವುದಿಲ್ಲ.

ಅಕ್ಕಲಕೋಟೆ ರೊಟ್ಟಿ

ನಾವು ಸೊಲ್ಲಾಪುರ ಜಿಲ್ಲೆಯ ಕನ್ನಡದವರು. ನಮ್ಮ ಬಚತ್ ಗಟದಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡುತ್ತೇವೆ. ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವವರು ಹೋಗುವಾಗ ಒಯ್ಯುತ್ತಾರೆ. 100 ಗ್ರಾಂ ಚಟ್ನಿ ಪ್ಯಾಕೆಟ್ ಎಲ್ಲಕ್ಕಿಂತ ಜಾಸ್ತಿ ಹೋಗುತ್ತದೆ. ನಮಗೆ ಹೆಸರಿಗಿಂತ ಪ್ಯಾಕೆಟಿನ ಮೇಲಿನ ಫೋನ್ ನಂಬರ್ ಕೆಲಸ ಮಾಡಿದೆ. ಪುಣೆ, ಮುಂಬೈಗೆ ಹೋದವರು ಅದೇ ನಂಬರಿಗೆ ಫೋನ್ ಮಾಡಿ ತರಿಸಿಕೊಳ್ಳುತ್ತಾರೆ. ನೀವೂ ಅಂಗಡಿ ಬಿಟ್ಟು ಗುಡಿಯ ಹತ್ತಿರ ಇಡಿ. ಮಧೂರು ನಿಮಗೆ ಹತ್ತಿರ ಅಲ್ವಾ?

ಪೆರ್ಲದಕ್ಕ

ಮಧೂರು ತೀರ ಹತ್ತಿರ ಅಲ್ಲ ಅಕ್ಕ, ಆದರೆ ಹೋಗಿಬರಬಹುದು. ನಿಮ್ಮ ರೊಟ್ಟಿ ವರ್ಷವಿಡೀ ಮಾಡಬಹುದು. ನಮಗೆ ಮಾರ್ಚ್‌ನಿಂದ ಮೇ ಅಷ್ಟೇ. ಮಳೆ ಹಿಡಿದರೆ ಮುಗಿಯಿತು. ಜನ ಬರುವಾಗೆಲ್ಲ ಮಾಡಿ ಕೊಡುವ ಹಾಗಿಲ್ಲ.

ಲೆಕ್ಕದ ಪುಸ್ತಕ

ಪೆರ್ಲದಕ್ಕ ಹೇಳಿದ್ದೇ ಮುಖ್ಯ ವಿಷಯ. ತಿಂಗಳಿಗೆ 100ರಂತೆ ಹತ್ತು ತಿಂಗಳಿಗೆ 1,000 ಪ್ಯಾಕೆಟ್, ಅಂದರೆ 20,000 ಹಪ್ಪಳ. ದಿನಕ್ಕೆ 540ರಂತೆ 37 ದಿನದ ಕೆಲಸ. ಬಿಸಿಲು ಇದ್ದರೆ ಮೂರು ತಿಂಗಳಲ್ಲಿ ಅಷ್ಟು ಮಾಡಬಹುದು. ಆದರೆ ದಿನಕ್ಕೆ 3,000ದಂತೆ 1,11,000 ರೂಪಾಯಿ ಮೇ ತಿಂಗಳಿಗೆ ಹಪ್ಪಳವಾಗಿ ಡಬ್ಬದಲ್ಲಿ ಕೂತಿರುತ್ತದೆ. ಅದು ದುಡ್ಡಾಗಿ ಬರುವುದು ಮುಂದಿನ ಮಾರ್ಚ್‌ವರೆಗೆ ಸ್ವಲ್ಪ ಸ್ವಲ್ಪ. ಅಷ್ಟು ದಿನ ಕೂಲಿ ಇಲ್ಲದೆ ಕಾಯಲು ಆರು ಜನಕ್ಕೂ ಆಗುತ್ತದಾ? ಸಾಲ ತೆಗೆದರೆ ಪ್ಯಾಕೆಟಿಗೆ ಉಳಿಯುವ 13 ರೂಪಾಯಿಯಲ್ಲೇ ಬಡ್ಡಿ ಕಟ್ಟಬೇಕು.

ನನ್ನ ಸಲಹೆ ಕೇಳಿದರೆ, ಆ ಅಂಗಡಿಗೆ ಜೂನ್‌ನಿಂದ ಸೆಪ್ಟೆಂಬರ್ ಮಾತ್ರ, ತಿಂಗಳಿಗೆ 40 ಅನ್ನಿ. ಒಟ್ಟು 160 ಪ್ಯಾಕೆಟ್. ಅದು ಆರು ದಿನದ ಕೆಲಸ. ಉಳಿದದ್ದಕ್ಕೆ ಏಪ್ರಿಲ್‌ನಲ್ಲೇ ವಾಟ್ಸಪ್‌ನಲ್ಲಿ ಬುಕಿಂಗ್ ತೆಗೆದುಕೊಳ್ಳಿ. ಬೆಂಗಳೂರು, ಮುಂಬೈ, ದುಬೈಯಲ್ಲಿರುವ ಊರವರಿಗೆ ಹಲಸಿನ ಹಪ್ಪಳ ಮೇಯಲ್ಲಿ ಸಿಗುತ್ತದೆ ಅಂತ ಗೊತ್ತು. ಅರ್ಧ ದುಡ್ಡು ಮೊದಲೇ ಕೇಳಿದರೆ ಕೊಡುತ್ತಾರೆ. ಬುಕ್ ಆದಷ್ಟೇ ಮಾಡಿ, ಮೇಲೆ ಸ್ವಲ್ಪ ಸಂತೆಗೆ ಇಡಿ. 58 ಉಳಿಯುವ ದಾರಿ ಇದು. ಅಂಗಡಿಯಿಂದ ಬರುವುದು ಕಡಿಮೆ, ಆದರೆ ಹೊಸಬರ ಕಣ್ಣಿಗೆ ಬೀಳುವುದು ಅಲ್ಲಿಂದ. ಹಾಗಾಗಿ ಅದನ್ನು ಬಿಡುವುದೂ ಬೇಡ.

ಸಾರಡ್ಕ ದಾಟಿ

ಜಿಎಸ್‌ಟಿ ಬಗ್ಗೆ ಯಾರೂ ಮಾತಾಡಲಿಲ್ಲ. ನಾನು ಹೇಳಿದ್ದು ತಪ್ಪಾ?

ಲೆಕ್ಕದ ಪುಸ್ತಕ

ಅರ್ಧ ಸರಿ ಅಣ್ಣ. ಉಪ್ಪಿನಕಾಯಿಗೆ ನೀವು ಹೇಳಿದ್ದು ಸರಿ, ಹಪ್ಪಳಕ್ಕೆ ಅಲ್ಲ.

ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ. ಯಾವ ಆಕಾರ, ಯಾವ ಹೆಸರು ಇದ್ದರೂ ಇಲ್ಲ. ತೆರಿಗೆಯೇ ಇಲ್ಲದ ಸಾಮಾನು ಮಾತ್ರ ಮಾರುವವರಿಗೆ ನೋಂದಣಿ ಬೇಡ, ಅದು ತಲಪಾಡಿ ದಾಟಲಿ, ಸಾರಡ್ಕ ದಾಟಲಿ. ಉಪ್ಪಿನಕಾಯಿಗೆ ತೆರಿಗೆ ಇದೆ. ಕೇರಳದ ಒಳಗೇ ಮಾರುವುದಾದರೆ ವರ್ಷಕ್ಕೆ 40 ಲಕ್ಷದವರೆಗೆ ನೋಂದಣಿ ಬೇಡ, ನಿಮ್ಮಂಥವರಿಗೆ ಆ ಚಿಂತೆಯೇ ಇಲ್ಲ. ಆದರೆ ಬೇರೆ ರಾಜ್ಯಕ್ಕೆ ಮಾರಿದರೆ ಆ ಮಿತಿ ಲೆಕ್ಕಕ್ಕೆ ಬರುವುದಿಲ್ಲ. ಮೊದಲ ಬಾಟಲಿಯಿಂದಲೇ ನೋಂದಣಿ ಬೇಕು. ಆಮೇಲೆ ರಿಟರ್ನ್ ಹಾಕುತ್ತಾ ಇರಬೇಕು, ಅದಕ್ಕೊಬ್ಬರಿಗೆ ಸಂಬಳ ಕೊಡಬೇಕು. ತಿಂಗಳಿಗೆ ನಾಲ್ಕು ಡಜನ್ ಉಪ್ಪಿನಕಾಯಿಗೆ ಅದು ಕಟ್ಟುವುದಿಲ್ಲ.

ಹಾಗಾಗಿ ಹಪ್ಪಳ ಗಡಿ ದಾಟಲಿ, ಉಪ್ಪಿನಕಾಯಿ ಬದಿಯಡ್ಕ, ಕುಂಬಳೆ, ಕಾಸರಗೋಡಿನಲ್ಲೇ ಇರಲಿ. ಹಪ್ಪಳ ಕಳಿಸುವಾಗ ಸಂಘದ ಹೆಸರು, ಅಂಗಡಿಯ ಹೆಸರು, ಎಷ್ಟು ಪ್ಯಾಕೆಟ್, ಎಷ್ಟು ದುಡ್ಡು ಅಂತ ಬರೆದ ಬಿಲ್ ಜೊತೆಗಿರಲಿ. ಎರಡೂ ಸಾಮಾನು ಒಂದೇ ಸಂಘದ ಹೆಸರಲ್ಲಿ ಇರುವುದರಿಂದ ಶುರು ಮಾಡುವ ಮೊದಲು ನಿಮ್ಮ ಲೆಕ್ಕಪರಿಶೋಧಕರಿಗೆ ಒಮ್ಮೆ ತೋರಿಸಿ.

ಸಾರಡ್ಕ ದಾಟಿ

ಅಂಗಡಿಯವರೇ ಪೆರ್ಲಕ್ಕೆ ಬಂದು, ದುಡ್ಡು ಕೊಟ್ಟು ಉಪ್ಪಿನಕಾಯಿ ಒಯ್ದರೆ? ಮಾರಾಟ ಕೇರಳದಲ್ಲೇ ಆಯಿತಲ್ಲ.

ಪುತ್ತೂರು ದಿನಸಿ

ಮನೆ ಖರ್ಚಿಗೆ ಒಯ್ಯುವವರಿಗೆ ಸರಿ. ಆದರೆ ನಾನು ಅಂಗಡಿಗೆ ಅಂತ ತಂದು ಮಾರುವಾಗ ನನಗೆ ಖರೀದಿಯ ಬಿಲ್ ಬೇಕು. ಅದರಲ್ಲಿ ನನ್ನ ಕರ್ನಾಟಕದ ನಂಬರ್ ಇರುತ್ತದೆ. ನಮ್ಮ ಆಡಿಟರ್ ಅದಕ್ಕೆ ಒಪ್ಪುವುದಿಲ್ಲ.

ಸಾರಡ್ಕ ದಾಟಿ

ನನಗೆ ಗೊತ್ತಿರುವ ಒಬ್ಬರು ಆಡಿಟರ್ ಆಗುತ್ತದೆ ಅನ್ನುತ್ತಾರೆ. ಕೇಳಿ ನೋಡಿ.

ಬದಿಯಡ್ಕ ಪ್ರಿಂಟ್

ನಾನು ಲೇಬಲ್ ವಿನ್ಯಾಸ ಮಾಡುವವಳು, ಆ ಭಾಗ ನಾನು ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು ಆಹಾರ ಸುರಕ್ಷತಾ ನೋಂದಣಿ, ಜನ ಎಫ್‌ಎಸ್‌ಎಸ್‌ಎಐ ಅನ್ನುವುದು. ಸಣ್ಣವರಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕ. ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಬಹುದು. ಇದು ಜಾಗಕ್ಕೆ ಕೊಡುವ ನೋಂದಣಿ. ಆರು ಜನ ಆರು ಮನೆಯಲ್ಲಿ ಮಾಡಿ ಒಟ್ಟು ಸೇರಿಸುವುದಾದರೆ ತೊಡಕು. ಒಂದೇ ಕಡೆ ಮಾಡಿ, ಅದೇ ಕಡೆ ಕಟ್ಟಿ, ಆ ವಿಳಾಸಕ್ಕೆ ಮಾಡಿಸಿ. ಸಿಗುವ 14 ಅಂಕೆಯ ನಂಬರ್ ಲೇಬಲಿನಲ್ಲಿ ಬೇಕು. ಅದು ಬರುವ ಮೊದಲು ಸಾವಿರಗಟ್ಟಲೆ ಲೇಬಲ್ ಪ್ರಿಂಟ್ ಹಾಕಿಸಬೇಡಿ.

ಭಾಷೆ ಕೇಳಿದಿರಿ. ಕಡ್ಡಾಯ ವಿವರಗಳು ಇಂಗ್ಲಿಷ್‌ನಲ್ಲಿ ಅಥವಾ ಹಿಂದಿಯಲ್ಲಿ ಇರಲೇಬೇಕು. ಕನ್ನಡ, ಮಲಯಾಳ ಅದರ ಜೊತೆಗೆ ಎಷ್ಟು ಬೇಕಾದರೂ ಹಾಕಬಹುದು. ನಮ್ಮೂರಿಗೆ ನಾನು ಮಾಡುವುದು ಹೀಗೆ. ಮುಂಭಾಗದಲ್ಲಿ ಸಾಮಾನಿನ ಹೆಸರು ಕನ್ನಡದಲ್ಲಿ ದೊಡ್ಡದು, ಕೆಳಗೆ ಮಲಯಾಳ ಮತ್ತು ಇಂಗ್ಲಿಷ್ ಒಂದೇ ಅಳತೆಯಲ್ಲಿ. ಹಿಂಭಾಗ ಪೂರ್ತಿ ಇಂಗ್ಲಿಷ್. ಒಂದೇ ಕವರ್ ಮಂಗಳೂರಿಗೂ ಆಗುತ್ತದೆ, ಕಾಸರಗೋಡು ಪೇಟೆಗೂ ಆಗುತ್ತದೆ. ಮೂರು ಭಾಷೆಯಲ್ಲೂ ಎಲ್ಲವನ್ನೂ ತುಂಬಿಸಿದರೆ ಅಕ್ಷರ ಇರುವೆ ಸಾಲಿನ ಹಾಗೆ ಕಾಣುತ್ತದೆ, ಯಾರೂ ಓದುವುದಿಲ್ಲ.

ಹಿಂಭಾಗದಲ್ಲಿ ಬೇಕಾದದ್ದು: ಹಾಕಿದ ಸಾಮಾನುಗಳು, ಜಾಸ್ತಿ ಇರುವುದು ಮೊದಲು. ತೂಕ. ಎಮ್‌ಆರ್‌ಪಿ, ಎಲ್ಲ ತೆರಿಗೆ ಸೇರಿ ಅಂತ. ಮಾಡಿದ ದಿನ, ಬ್ಯಾಚ್ ನಂಬರ್, ಎಷ್ಟು ದಿನದೊಳಗೆ ಬಳಸಬೇಕು. ಸಂಘದ ಪೂರ್ತಿ ವಿಳಾಸ, ದೂರು ಹೇಳಲು ಫೋನ್. ಹಸಿರು ಚುಕ್ಕೆ. ತೂಕದ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. 20 ಹಪ್ಪಳ ಅಂತ ಬರೆದರೆ ಸಾಲದು, ಗ್ರಾಂ ಬೇಕು. 20 ಹಪ್ಪಳ ಸುಮಾರು 160 ಗ್ರಾಂ ತೂಗಿದರೆ 160 ಗ್ರಾಂ ಅಂತ ಹಾಕಿ, ಪ್ರತಿ ಪ್ಯಾಕೆಟನ್ನೂ ತೂಗಿ. ಕಡಿಮೆ ಬಂದರೆ ಇನ್ನೊಂದು ಹಪ್ಪಳ ಸೇರಿಸಿ. ಒಂದು ಗ್ರಾಂಗೆ ಎಷ್ಟು ಬಿತ್ತು ಅನ್ನುವುದನ್ನೂ ಈಗ ಹಾಕಬೇಕು. 180ನ್ನು 160ರಿಂದ ಭಾಗಿಸಿದರೆ 1.13 ರೂಪಾಯಿ.

ನಿಮ್ಮ ಇಂಗಿನ ಡಬ್ಬಿ ತಿರುಗಿಸಿ ನೋಡಿ. ಅಂಗಡಿಯ ಇಂಗಿನಲ್ಲಿ ಹೆಚ್ಚಾಗಿ ಗೋಧಿ ಹಿಟ್ಟು ಇರುತ್ತದೆ. ಇದ್ದರೆ ನಿಮ್ಮ ಲೇಬಲಿನಲ್ಲೂ ಗೋಧಿ ಇದೆ ಅಂತ ಬರೆಯಬೇಕು. ಗೋಧಿ ಆಗದವರು ಹಲಸಿನದ್ದು ಅಂತ ನಂಬಿ ತಿನ್ನುತ್ತಾರೆ.

"ಸಕ್ಕರೆ ಕಾಯಿಲೆಗೆ ಉತ್ತಮ" ಖಂಡಿತ ಹಾಕಬೇಡಿ. ಕಾಯಿಲೆಯ ಹೆಸರು ಹೇಳಿ ಆಹಾರ ಮಾರುವ ಹಾಗಿಲ್ಲ. ಅದೂ ಉಪ್ಪು ಹಾಕಿ, ಎಣ್ಣೆಯಲ್ಲಿ ಕರಿದು ತಿನ್ನುವ ಹಪ್ಪಳಕ್ಕೆ ಆ ಮಾತು ಒಪ್ಪುವುದೂ ಇಲ್ಲ. "ಮನೆಯಲ್ಲೇ ಮಾಡಿದ್ದು" ಅನ್ನುವುದನ್ನೂ ಬಿಡಿ. ಗಿರಾಕಿಗೆ ತಪ್ಪು ಭಾವನೆ ಬರುವಂತೆ ಆ ಪದ ಹಾಕಬಾರದು ಅಂತ ನಿಯಮ ಇದೆ. ನೀವು ಶೆಡ್‌ನಲ್ಲಿ ಗ್ರೈಂಡರ್ ಇಟ್ಟು ಮಾಡುವವರು. ಅದರ ಬದಲು ಇದ್ದದ್ದನ್ನು ಇದ್ದ ಹಾಗೆ ಹೇಳಿ: "ಎಣ್ಮಕಜೆಯ ಬಕ್ಕೆ ಹಲಸು, ಬಿಸಿಲಲ್ಲಿ ಒಣಗಿಸಿದ್ದು". ಬೇರೆ ಯಾವ ಕಂಪನಿಯೂ ಹಾಗೆ ಹೇಳಲಾರದು.

ಅಜ್ಜಿಮನೆ ಅಡುಗೆ

ಹಾಗಾದರೆ ತುಳುವ ಹಲಸು ಬೆರೆಸುವ ಹಾಗಿಲ್ಲ ಅಂತಾಯಿತು. ಬಕ್ಕೆ ಸಾಲದೆ ಬಂದಾಗ ಏನು ಮಾಡುತ್ತಾರೆ ಇವರು?

ಬದಿಯಡ್ಕ ಪ್ರಿಂಟ್

ಒಳ್ಳೆಯ ಪ್ರಶ್ನೆ ಅಕ್ಕ. ಖಾತ್ರಿ ಇಲ್ಲದಿದ್ದರೆ "ಬಕ್ಕೆ" ಬಿಟ್ಟು ಬರೀ "ಎಣ್ಮಕಜೆಯ ಹಲಸು" ಅಂತ ಹಾಕಲಿ.

ಪೆರ್ಲದಕ್ಕ

ಇಂಗಿನ ಡಬ್ಬಿ ನೋಡಿದೆ. ಗೋಧಿ ಹಿಟ್ಟು ಇದೆ! ಇಷ್ಟು ವರ್ಷ ಓದಿಯೇ ಇರಲಿಲ್ಲ. ಕಡೇ ದಿನಾಂಕ ಎಷ್ಟು ತಿಂಗಳು ಅಂತ ಹಾಕುವುದು? ಮನೆಯಲ್ಲಿ ವರ್ಷ ಇಟ್ಟರೂ ಏನೂ ಆಗುವುದಿಲ್ಲ.

ಪುತ್ತೂರು ದಿನಸಿ

ಮನೆಯಲ್ಲಿ ಡಬ್ಬದಲ್ಲಿಟ್ಟು ಆಗಾಗ ಬಿಸಿಲು ತೋರಿಸುತ್ತೀರಿ. ಅಂಗಡಿಯ ಕಪಾಟಿನಲ್ಲಿ ಅದು ಇಲ್ಲ. ಈ ವರ್ಷ ಆರು ತಿಂಗಳು ಹಾಕಿ. ಪ್ರತಿ ಬ್ಯಾಚಿನ ಹತ್ತು ಪ್ಯಾಕೆಟ್ ಮಾರದೆ, ಬಿಸಿಲು ತೋರಿಸದೆ ಎತ್ತಿಡಿ. ತಿಂಗಳಿಗೊಂದು ಬಿಚ್ಚಿ ಕರಿದು ನೋಡಿ. ಅರಳುವುದು ಕಡಿಮೆ ಆದರೆ, ಎಣ್ಣೆ ಜಾಸ್ತಿ ಕುಡಿದರೆ, ಹಳೇ ವಾಸನೆ ಬಂದರೆ ಆ ತಿಂಗಳು ಬರೆದಿಡಿ. ಮುಂದಿನ ವರ್ಷ ಅದಕ್ಕಿಂತ ಎರಡು ತಿಂಗಳು ಕಡಿಮೆ ಹಾಕಿ. ಯಾರಾದರೂ ಗಿರಾಕಿ ದೂರು ತಂದರೆ ಅದೇ ಬ್ಯಾಚಿನ ಪ್ಯಾಕೆಟ್ ನಿಮ್ಮಲ್ಲೂ ಇರುತ್ತದೆ, ಹೋಲಿಸಿ ನೋಡಬಹುದು.

ಪೆರ್ಲದಕ್ಕ

ಆಗಲಿ. ಇನ್ನು ಹೆಸರಿನ ಜಗಳ. ನಮ್ಮಲ್ಲಿ ಮೂವರಿಗೆ ದೇವಸ್ಥಾನದ ದೇವರ ಹೆಸರು ಬೇಕು. ಉಳಿದವರಿಗೆ ಊರಿನ ಹೆಸರು ಬೇಕು.

ಬದಿಯಡ್ಕ ಪ್ರಿಂಟ್

ದೇವರ ಹೆಸರಿನ ಕವರ್ ಕೊನೆಗೆ ಕಸದಲ್ಲಿ ಕಾಲಿಗೆ ಸಿಗುತ್ತದೆ. ಅದಕ್ಕೆ ಬೇಜಾರು ಮಾಡಿಕೊಂಡು ಹೆಸರು ಬದಲಿಸಿದವರಿಗೆ ಲೇಬಲ್ ಮಾಡಿಕೊಟ್ಟಿದ್ದೇನೆ. ಅದೇ ಹೆಸರಿನ ಸಾಮಾನು ಜಿಲ್ಲೆಯಲ್ಲಿ ಬೇಕಾದಷ್ಟು ಇರುತ್ತದೆ, ಗಿರಾಕಿಗೆ ಬೇರೆ ಮಾಡಲು ಆಗುವುದಿಲ್ಲ. ನನ್ನ ಮತ ಊರಿನ ಹೆಸರಿಗೆ. ಟ್ರೇಡ್‌ಮಾರ್ಕ್ ಈಗಲೇ ಬೇಡ, ಅರ್ಜಿಗೇ 4,500 ರೂಪಾಯಿ. ಆದರೆ ಊರಿನ ಹೆಸರು ಒಂದನ್ನೇ ಇಟ್ಟರೆ ಮುಂದೆ ಅದಕ್ಕೆ ಟ್ರೇಡ್‌ಮಾರ್ಕ್ ಸಿಗುವುದು ಕಷ್ಟ. ಊರಿನ ಜೊತೆ ನಿಮ್ಮದೇ ಆದ ಒಂದು ಪದ ಸೇರಿಸಿ.

ಅಕ್ಕಲಕೋಟೆ ರೊಟ್ಟಿ

ನಾನು ಒಪ್ಪುವುದಿಲ್ಲ. ನಮ್ಮಲ್ಲಿ ದೇವರ ಹೆಸರು ನೋಡಿಯೇ ಜನ ಒಯ್ಯುತ್ತಾರೆ. ಗುಡಿಯ ಹತ್ತಿರ ಮಾರುವವರಿಗೆ ಅದೇ ಸರಿ.

ಪೆರ್ಲದಕ್ಕ

ಎರಡೂ ಮಾತು ಸಂಘದ ಸಭೆಗೆ ತೆಗೆದುಕೊಂಡು ಹೋಗುತ್ತೇನೆ. ಅಂಗಡಿಯವರಿಗೆ ಫೋನ್ ಮಾಡಿ ತಿಂಗಳಿಗೆ 40 ಅಂದೆ. 50 ಕೊಡಿ, ದುಡ್ಡು ಹದಿನೈದು ದಿನಕ್ಕೆ ಅಂದರು. ಉಳಿದ ಪ್ಯಾಕೆಟಿನ ವಿಷಯ ನೋಡೋಣ ಅಂದುಬಿಟ್ಟರು. ಉಪ್ಪಿನಕಾಯಿ ಈಗ ಬೇಡ ಅಂದದ್ದಕ್ಕೆ ಸ್ವಲ್ಪ ಬೇಸರ ಆಯಿತು ಅವರಿಗೆ.

ಪುತ್ತೂರು ದಿನಸಿ

"ನೋಡೋಣ" ಅಂದರೆ ವಾಪಸ್ ಬರುತ್ತದೆ ಅಂತಲೇ ಲೆಕ್ಕ ಹಾಕಿ. ಮೊದಲ ಸಲ 50 ಕಳಿಸಬೇಡಿ, 25 ಕಳಿಸಿ. ಅದು ಖಾಲಿಯಾಗಲು ಎಷ್ಟು ದಿನ ಹಿಡಿಯಿತು ಅಂತ ಕೇಳಿ ಉಳಿದ 25 ಕಳಿಸಿ. ಬಿಲ್ಲಿನ ಕೆಳಗೆ "ಒಡೆದದ್ದು, ಇಲಿ ಕಚ್ಚಿದ್ದು ವಾಪಸ್ ಇಲ್ಲ" ಅಂತ ಬರೆದು ಅವರ ಸಹಿ ತೆಗೆದುಕೊಳ್ಳಿ.